ಐನೂರು ಕಾಳು ಭತ್ತ, ಒಂದು ಫೋಟೋ

ಮೊದಲ ಸಲ ಪ್ರೋಗ್ರಾಂ ಓಡಿಸಿದಾಗ ಬಂದ ಉತ್ತರ 1.

ಅತ್ತೆ ಗೆರಸೆ ಮುಂದಿಟ್ಟುಕೊಂಡು, ಹತ್ತತ್ತರ ಗುಪ್ಪೆ ಮಾಡಿ, ಐವತ್ತು ಗುಪ್ಪೆ ಎಣಿಸಿ ಕೊಟ್ಟ 500 ಕಾಳು ಭತ್ತ ಅದು. ಮಾವ ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿ, "ಎಂತ ಮಾರಾಯ, ಒಂದೇ ಒಂದು ಕಾಳಾ?" ಅಂದರು. ಅತ್ತೆ ಏನೂ ಹೇಳಲಿಲ್ಲ, ಸುಮ್ನೆ ಗೆರಸೆ ಎತ್ತಿಕೊಂಡು ಒಳಗೆ ಹೋದರು. ಅದೇ ಜಾಸ್ತಿ ಚುಚ್ಚಿತು.

ಎಣಿಸುವ ಕೆಲಸ ಯಾಕೆ ಬಂತು ಅಂತ ಮೊದಲು ಹೇಳುತ್ತೇನೆ. ಮಾವನ ಮನೆ ಬ್ರಹ್ಮಾವರದ ಹತ್ತಿರ. ನಾನು ಮಂಗಳೂರಿನಲ್ಲಿ ಆಫೀಸು, ಶನಿವಾರ ಬಸ್ಸು ಹತ್ತಿ ಅಲ್ಲಿಗೆ ಹೋಗುವುದುಂಟು. ಮಳೆಗಾಲದ ಏಣೆಲು ಬೆಳೆಗೆ ಈಗ ಅವರು ಮೆಷಿನಿನಲ್ಲಿ ನಾಟಿ ಮಾಡಿಸುತ್ತಾರೆ. ಅದಕ್ಕೆ ಗದ್ದೆಯಲ್ಲಿ ನೇಜಿ, ಅಂದರೆ ನಾಟಿಯ ಸಸಿ, ಹಾಕಿದರೆ ಆಗುವುದಿಲ್ಲ, ಪ್ಲಾಸ್ಟಿಕ್ ಟ್ರೇಯಲ್ಲಿ ಮಣ್ಣು ಹರಡಿ ಚಾಪೆಯ ಹಾಗೆ ನೇಜಿ ಎಬ್ಬಿಸಬೇಕು. ಒಂದು ಟ್ರೇಗೆ ಇಷ್ಟು ಗ್ರಾಂ ಬೀಜ ಅಂತ ಲೆಕ್ಕ. ಮಾವ 100 ಗ್ರಾಂ ಹಾಕುತ್ತಿದ್ದರು. ಎಂಒ 4 ತಳಿಯ ಬೀಜಕ್ಕೆ ಅದು ಸರಿಯಾಗಿತ್ತು. ಕಳೆದ ವರ್ಷ ಒಂದು ಗದ್ದೆಗೆ ಅಂತ ಯಾರೋ ಕೊಟ್ಟ ಸಪೂರ ಭತ್ತ ಹಾಕಿದರು, ಅದಕ್ಕೂ ಅದೇ 100 ಗ್ರಾಂ. ನೇಜಿ ಒತ್ತೊತ್ತಾಗಿ ಎದ್ದು, ಒಂದಕ್ಕೊಂದು ಗಾಳಿ ಬಿಡದೆ, ಹಳದಿ ತಿರುಗಿ, ಮೆಷಿನಿನ ಬೆರಳು ಒಂದು ಸಲಕ್ಕೆ ಏಳೆಂಟು ಗಿಡ ಕಿತ್ತುಕೊಂಡು ಹೋಗಿ ಗುಂಪಾಗಿ ನೆಟ್ಟಿತ್ತು.

ಕಾರಣ ಸರಳ. ಸಪೂರ ಭತ್ತದ ಕಾಳು ಹಗುರ, ಹಾಗಾಗಿ 100 ಗ್ರಾಂನಲ್ಲಿ ಕಾಳು ಜಾಸ್ತಿ. ಎಷ್ಟು ಜಾಸ್ತಿ ಅಂತ ತಿಳಿಯಲು ಸಾವಿರ ಕಾಳಿನ ತೂಕ ಗೊತ್ತಿರಬೇಕು. ಬೀಜ ಪರೀಕ್ಷೆ ಮಾಡುವವರು ನೂರು ನೂರು ಕಾಳಿನ ಎಂಟು ಪಾಲು ಮಾಡಿ ತೂಗಿ, ಅದರಿಂದ ಸಾವಿರದ ತೂಕ ತೆಗೆಯುತ್ತಾರೆ. ಮೊಳಕೆ ಪರೀಕ್ಷೆಗೆ ಬೇರೆ 400 ಕಾಳು ಬೇಕು. ಮಾವನ ಹತ್ತಿರ ನಾಲ್ಕು ತರದ ಬೀಜ ಇದೆ. ಅತ್ತೆಯ ಕಣ್ಣಿಗೆ ಕೆಲಸ ಜಾಸ್ತಿಯಾಯಿತು ಅಲ್ವಾ? "ಫೋಟೋ ತೆಗೆದರೆ ಕಂಪ್ಯೂಟರ್ ಎಣಿಸುತ್ತದೆ" ಅಂತ ಬಾಯಿ ಬಿಟ್ಟದ್ದು ನಾನೇ.

ಈಗ ಆ 1ರ ಕತೆ. ಬಿಳಿ ಕಾಗದದ ಮೇಲೆ ಭತ್ತ ಹರಡಿ ಮೇಲಿನಿಂದ ಫೋಟೋ ತೆಗೆದಿದ್ದೆ. ಪ್ರೋಗ್ರಾಂ ಮಾಡುವ ಕೆಲಸ ಎರಡೇ. ಮೊದಲು ಥ್ರೆಶೋಲ್ಡ್, ಅಂದರೆ ಒಂದು ಗಡಿ ಇಟ್ಟು, ಅದಕ್ಕಿಂತ ಹೊಳಪು ಜಾಸ್ತಿ ಇರುವ ಪಿಕ್ಸೆಲ್ಲನ್ನೆಲ್ಲ ಬಿಳಿ ಮಾಡುವುದು, ಕಡಿಮೆ ಇರುವುದನ್ನೆಲ್ಲ ಕಪ್ಪು ಮಾಡುವುದು. ಆಮೇಲೆ ಕಾಂಟೂರ್, ಅಂದರೆ ಬಿಳಿ ತುಂಡುಗಳ ಅಂಚಿನ ಗೆರೆ ಹಿಡಿದು ಒಂದೊಂದು ಸುತ್ತು ಬರುವುದು. ಎಷ್ಟು ಸುತ್ತು ಸಿಕ್ಕಿತೋ ಅಷ್ಟು ಕಾಳು. ಚಿತ್ರದ ಕೆಲಸಕ್ಕೆಂದೇ ಇರುವ ಓಪನ್‌ಸಿವಿ ಲೈಬ್ರರಿಯಲ್ಲಿ ಈ ಎರಡಕ್ಕೂ ತಯಾರು ಫಂಕ್ಷನ್ ಇದೆ. ಆದರೆ `findContours` ವಸ್ತು ಅಂತ ನೋಡುವುದು ಬಿಳಿಯನ್ನು, ಕಪ್ಪು ಅದಕ್ಕೆ ಹಿನ್ನೆಲೆ. ನನ್ನ ಚಿತ್ರದಲ್ಲಿ ಬಿಳಿ ಆಗಿದ್ದದ್ದು ಕಾಗದ. ಹಾಗಾಗಿ ಅದು ಇಡೀ ಕಾಗದದ ಸುತ್ತ ಒಂದು ಸುತ್ತು ಹೊಡೆದು, ಒಂದು ವಸ್ತು ಸಿಕ್ಕಿತು ಅಂತ ಹೇಳಿತು. ಒಳಗಿನ ಐನೂರು ಕಾಳು ಅದರ ಲೆಕ್ಕದಲ್ಲಿ ಕಾಗದಕ್ಕೆ ಬಿದ್ದ ಐನೂರು ತೂತು. `RETR_EXTERNAL` ಕೊಟ್ಟಿದ್ದರಿಂದ ಒಳಗಿನ ತೂತುಗಳನ್ನು ಅದು ಲೆಕ್ಕಕ್ಕೇ ಹಿಡಿಯಲಿಲ್ಲ. `THRESH_BINARY` ಇದ್ದ ಕಡೆ `THRESH_BINARY_INV` ಹಾಕಿದರೆ ಕಪ್ಪು ಬಿಳುಪು ಅದಲುಬದಲಾಗುತ್ತದೆ, ತಪ್ಪು ಅಲ್ಲಿಗೆ ಸರಿ. ಉತ್ತರ 1 ಬಂದರೆ ಬೇರೆಲ್ಲೂ ಹುಡುಕಬೇಡಿ, ಮೊದಲು ಇದನ್ನೇ ನೋಡಿ.

ಅದಲುಬದಲು ಮಾಡಿದ ಮೇಲೆ ಬಂದದ್ದು 341. ಐನೂರರ ಹತ್ತಿರವೂ ಇಲ್ಲ. ಇಲ್ಲಿ ನಾನು ಮಾಡಿದ ತಪ್ಪು, ಮತ್ತು ತುಂಬಾ ಜನ ಮಾಡುವ ತಪ್ಪು, ಅಂಕಿಯನ್ನೇ ನೋಡುತ್ತಾ ಕೂತು ಬ್ಲರ್ ಸ್ವಲ್ಪ ಹೆಚ್ಚಿಸುವುದು, ಗಡಿ ಸ್ವಲ್ಪ ಇಳಿಸುವುದು, ಹೀಗೆ ಕಿವಿ ತಿರುಪುತ್ತಾ ಅರ್ಧ ಗಂಟೆ ಕಳೆಯುವುದು. ಕೊನೆಗೆ ಬುದ್ಧಿ ಬಂದು ಕಪ್ಪು ಬಿಳುಪು ಚಿತ್ರವನ್ನೇ ತೆರೆದು ನೋಡಿದೆ. ಬಲಗಡೆಯ ಕೆಳಮೂಲೆ ಪೂರ್ತಿ ಬಿಳಿ. ಅಲ್ಲಿದ್ದ ನೂರಕ್ಕೂ ಜಾಸ್ತಿ ಕಾಳು ಒಂದೇ ದೊಡ್ಡ ತುಂಡಿನೊಳಗೆ ಮುಳುಗಿ ಹೋಗಿದ್ದವು.

ಮಳೆಗಾಲದ ಸಂಜೆ, ಜಗಲಿ, ಬೆಳಕು ಎಡಗಡೆಯಿಂದ ಮಾತ್ರ. ಬಲಮೂಲೆಯ ಬಿಳಿ ಕಾಗದ ನಮ್ಮ ಕಣ್ಣಿಗೆ ಬಿಳಿಯೇ, ಆದರೆ ಕ್ಯಾಮೆರಾಗೆ ಅದು ಎಡಗಡೆ ಬೆಳಕಿನಲ್ಲಿರುವ ಭತ್ತದಷ್ಟೇ ಕಪ್ಪು. ಗಡಿ ಎಲ್ಲಿಡಬೇಕು ಅಂತ ನಾನು ಕೈಯಾರೆ ಹೇಳಿರಲಿಲ್ಲ, ಓಟ್ಸು ವಿಧಾನಕ್ಕೆ ಬಿಟ್ಟಿದ್ದೆ. 1979ರಲ್ಲಿ ಜಪಾನಿನ ನೊಬುಯುಕಿ ಓಟ್ಸು ಕೊಟ್ಟ ಉಪಾಯ ಇದು. ಚಿತ್ರದ ಪಿಕ್ಸೆಲ್ಲುಗಳನ್ನು ಹೊಳಪಿನ ಪ್ರಕಾರ ಎರಡು ಪಾಲು ಮಾಡಿ, ಎರಡು ಪಾಲು ಒಂದಕ್ಕೊಂದು ಆದಷ್ಟು ದೂರ ನಿಲ್ಲುವ ಹಾಗೆ ಗಡಿ ಆರಿಸುತ್ತದೆ. ಒಳ್ಳೆಯ ಉಪಾಯವೇ. ಆದರೆ ಅದು ಇಡೀ ಚಿತ್ರಕ್ಕೆ ಇಡುವುದು ಒಂದೇ ಗಡಿ. ಎಡಮೂಲೆಯ ಭತ್ತಕ್ಕೂ ಬಲಮೂಲೆಯ ಕಾಗದಕ್ಕೂ ಒಂದೇ ಹೊಳಪಿದ್ದರೆ ಯಾವ ಗಡಿಯೂ ಅವನ್ನು ಬೇರೆ ಮಾಡಲಾರದು.

ಇದಕ್ಕೆ ಅಡಾಪ್ಟಿವ್ ಥ್ರೆಶೋಲ್ಡ್ ಅಂತ ಇದೆ, ಸುತ್ತಲಿನ ಒಂದು ಚೌಕದ ಸರಾಸರಿ ನೋಡಿ ಅಲ್ಲಲ್ಲಿಗೆ ಅಲ್ಲಲ್ಲಿಯ ಗಡಿ ಇಡುತ್ತದೆ. ಅದನ್ನೂ ನೋಡಿದೆ. ಚೌಕ ಕಾಳಿಗಿಂತ ಚಿಕ್ಕದಾದರೆ ಕಾಳಿನ ನಡುಭಾಗಕ್ಕೆ ಸುತ್ತಲೂ ಕಾಳೇ ಕಾಣುತ್ತದೆ, ಆಗ ಹೊಟ್ಟೆ ಟೊಳ್ಳಾಗಿ ಅಂಚು ಮಾತ್ರ ಉಳಿಯುತ್ತದೆ. ಚೌಕ ದೊಡ್ಡದು ಮಾಡಿದೆ, ಮೂಲೆ ಸರಿಯಾಯಿತು. ಆದರೆ ಪ್ರತಿ ಕಾಳಿನ ಪಕ್ಕದ ಸಣ್ಣ ನೆರಳು ಕಾಳಿಗೇ ಅಂಟಿಕೊಂಡಿತು. ಆ ನೆರಳು ಪಕ್ಕದ ಕಾಳಿಗೆ ಮುಟ್ಟಿದರೆ ಎರಡು ಕಾಳು ಒಂದಾಗುತ್ತದೆ. ಬಿಳಿ ಕಾಗದದ ಮೇಲೆ ಕಂದು ಕಾಳನ್ನೂ ಬೂದು ನೆರಳನ್ನೂ ಹೊಳಪು ಒಂದನ್ನೇ ನೋಡಿ ಬೇರೆ ಮಾಡುವುದು ಕಷ್ಟ. ಎರಡೂ ಕಾಗದಕ್ಕಿಂತ ಕಪ್ಪು, ಅಷ್ಟೇ ಅದಕ್ಕೆ ಗೊತ್ತಾಗುವುದು.

ಹಾಗಾದರೆ ಹೊಳಪು ಯಾಕೆ ನೋಡಬೇಕು? ಭತ್ತದ ಹೊಟ್ಟು ಹಳದಿ. ಹಳದಿಗೆ ಎದುರಿನ ಬಣ್ಣ ನೀಲಿ. ಅತ್ತೆಯ ಮೊಮ್ಮಗಳ ಶಾಲೆ ಚೀಲದಲ್ಲಿ ಒಂದು ನೀಲಿ ಚಾರ್ಟ್ ಶೀಟ್ ಇತ್ತು. ಅವಳಿಗೆ ಬೇರೆ ತಂದು ಕೊಡುತ್ತೇನೆ ಅಂತ ಹೇಳಿ ಅದನ್ನು ಎ4 ಅಳತೆಗೆ ಕತ್ತರಿಸಿದೆ. ಎರಡು ಸ್ಟೂಲಿನ ಮೇಲೆ ಒಂದು ಹಲಗೆ ಅಡ್ಡ ಇಟ್ಟು, ಹಲಗೆಯ ಅಂಚಿನಿಂದ ಫೋನಿನ ಕ್ಯಾಮೆರಾ ಹೊರಗೆ ಚಾಚಿ, ಕೆಳಗೆ ಒಂದು ಗೇಣು ದೂರದಲ್ಲಿ ನೀಲಿ ಶೀಟ್. ಕೈಯಲ್ಲಿ ಹಿಡಿದರೆ ಫೋನು ಓರೆಯಾಗುತ್ತದೆ, ಓರೆಯಾದರೆ ಹತ್ತಿರದ ಕಾಳು ದೊಡ್ಡದು, ದೂರದ್ದು ಚಿಕ್ಕದು. ಮುಂದೆ ಕಾಳಿನ ಅಳತೆ ಮೇಲೆಯೇ ಲೆಕ್ಕ ನಿಲ್ಲುವುದರಿಂದ ಇದು ಮುಖ್ಯ.

ಬಣ್ಣ ನೋಡಲು ಚಿತ್ರವನ್ನು ಲ್ಯಾಬ್ ಎಂಬ ರೂಪಕ್ಕೆ ತಿರುಗಿಸಬೇಕು. ಅದರಲ್ಲಿ ಹೊಳಪಿಗೆ ಒಂದು ಚಾನೆಲ್ ಬೇರೆಯೇ ಇರುತ್ತದೆ. ಮೂರನೆಯ ಚಾನೆಲ್ ನೀಲಿಯಿಂದ ಹಳದಿಗೆ ಹೋಗುವ ಅಳತೆ. ಓಪನ್‌ಸಿವಿಯಲ್ಲಿ ಅದು 0ಯಿಂದ 255ರ ವರೆಗೆ, ಬಣ್ಣವೇ ಇಲ್ಲದ ಬೂದು ಅಂದರೆ 128. ನನ್ನ ಫೋಟೋದಲ್ಲಿ ನೀಲಿ ಶೀಟ್ 95ರ ಹತ್ತಿರ ಇತ್ತು, ಭತ್ತ 150ರ ಹತ್ತಿರ. ನೆರಳು ಬಿದ್ದ ನೀಲಿ 110ಕ್ಕೆ ಏರಿತು, ಆದರೆ 128 ದಾಟಲಿಲ್ಲ. ನೆರಳು ಬಿದ್ದರೂ ನೀಲಿ ನೀಲಿಯೇ ಅಲ್ವಾ, ಹಳದಿ ಆಗುವುದಿಲ್ಲ. ಫೋನಿನ ನೆರಳು, ಕಾಳಿನ ನೆರಳು, ಜಗಲಿಯ ಬಲಮೂಲೆ, ಮೂರೂ ಒಂದೇ ಏಟಿಗೆ ಹೋದವು.

```python
import cv2
import numpy as np

img = cv2.imread("batta.jpg")
b = cv2.cvtColor(img, cv2.COLOR_BGR2LAB)[:, :, 2]
b = cv2.GaussianBlur(b, (5, 5), 0)
t, bw = cv2.threshold(b, 0, 255,
                      cv2.THRESH_BINARY + cv2.THRESH_OTSU)
cnts, _ = cv2.findContours(bw, cv2.RETR_EXTERNAL,
                           cv2.CHAIN_APPROX_SIMPLE)
print(t, len(cnts))
```

ಈ ಚಾನೆಲ್‌ನಲ್ಲಿ ಹಳದಿಯೇ ದೊಡ್ಡ ಅಂಕಿ, ಅಂದರೆ ಕಾಳು ತಾನಾಗಿಯೇ ಬಿಳಿ. ಹಾಗಾಗಿ ಇಲ್ಲಿ `INV` ಬೇಡ. ಓಟ್ಸು ಇಟ್ಟ ಗಡಿ 124. ಆ `t` ಅನ್ನು ಪ್ರಿಂಟ್ ಮಾಡಿಸುವುದು ಸುಮ್ನೆ ಅಲ್ಲ. ಒಂದು ಸಲ ಹತ್ತಿಪ್ಪತ್ತು ಕಾಳು ಮಾತ್ರ ಹಾಕಿ ನೋಡಿದಾಗ ಗಡಿ 103ಕ್ಕೆ ಇಳಿದು, ಶೀಟಿನ ನೆರಳೆಲ್ಲ ಕಾಳಾಗಿ ಬಂತು. ಕಾಳಿನ ಪಾಲು ಚಿತ್ರದಲ್ಲಿ ನೂರಕ್ಕೆ ಒಂದೂ ಇಲ್ಲದಿದ್ದರೆ ಓಟ್ಸು ಕಾಗದವನ್ನೇ ಎರಡು ಪಾಲು ಮಾಡಿಬಿಡುತ್ತದೆ. ಹಾಗೆ ಆದರೆ ಕೈಯಾರೆ 128 ಕೊಡುವುದೇ ವಾಸಿ.

ಈಗ ಸಿಕ್ಕಿದ್ದು 412. ನೆರಳಿಲ್ಲ, ಮೂಲೆ ಸರಿ ಇದೆ, ಆದರೂ 88 ಕಡಿಮೆ. ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ.

412 ಅನ್ನುವುದು ಕಾಳಿನ ಲೆಕ್ಕ ಅಲ್ಲ, ಬಿಳಿ ತುಂಡುಗಳ ಲೆಕ್ಕ. ಒಂದು ತುಂಡಿನಲ್ಲಿ ಒಂದು ಕಾಳು ಇರಬಹುದು, ಒಂದಕ್ಕೊಂದು ಮುಟ್ಟಿಕೊಂಡ ಮೂರು ಇರಬಹುದು, ಬರೀ ಹೊಟ್ಟಿನ ಚೂರೂ ಇರಬಹುದು. ಪ್ರತಿ ತುಂಡಿನ ವಿಸ್ತಾರ, ಅಂದರೆ ಅದರಲ್ಲಿ ಎಷ್ಟು ಪಿಕ್ಸೆಲ್ ಇದೆ ಅಂತ, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಪ್ರಿಂಟ್ ಮಾಡಿಸಿದೆ. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ವಿಷಯ ಹೇಳುವುದು ಈ ಸಾಲು. ಮೊದಲ ಒಂಬತ್ತು ಅಂಕಿ 800ಕ್ಕಿಂತ ಕೆಳಗೆ, ಅವು ಧೂಳು, ಹೊಟ್ಟಿನ ಚೂರು, ಮುರಿದ ಮೀಸೆ. ಆಮೇಲೆ 2,100ರಿಂದ 3,200ರ ವರೆಗೆ ಒತ್ತೊತ್ತಾಗಿ ಮುನ್ನೂರಕ್ಕೂ ಜಾಸ್ತಿ ಅಂಕಿ, ಅವು ಒಂಟಿ ಕಾಳು. ಅಲ್ಲಿಂದ ಒಂದು ದೊಡ್ಡ ಖಾಲಿ ಜಾಗ, ನಡುವೆ ಒಂದೇ ಒಂದು ಅಂಕಿ ಬಿಟ್ಟರೆ ಏನೂ ಇಲ್ಲ. ಆಮೇಲೆ 5,000ದ ಸುತ್ತ ಇನ್ನೊಂದು ಗುಂಪು, ಅವು ಜೋಡಿ. 8,000ದ ಸುತ್ತ ತ್ರಿವಳಿ. ಈ ಗುಂಪುಗಳ ನಡುವೆ ಖಾಲಿ ಜಾಗ ಸ್ಪಷ್ಟವಾಗಿ ಕಂಡರೆ ಫೋಟೋ ಒಳ್ಳೆಯದು ಅಂತ ಅರ್ಥ. ಖಾಲಿ ಜಾಗವೇ ಇಲ್ಲದೆ ಎಲ್ಲ ಅಂಕಿ ಒಂದರೊಳಗೊಂದು ಸೇರಿಕೊಂಡಿದ್ದರೆ ಮುಂದಿನ ಲೆಕ್ಕ ಮಾಡಿ ಪ್ರಯೋಜನವಿಲ್ಲ, ಫೋಟೋವನ್ನೇ ಇನ್ನೊಮ್ಮೆ ತೆಗೆಯಬೇಕು.

ಒಂಟಿ ಕಾಳಿನ ವಿಸ್ತಾರ ಗೊತ್ತಾದರೆ ಉಳಿದದ್ದು ಭಾಗಾಕಾರ. ತುಂಡಿನ ವಿಸ್ತಾರವನ್ನು ಒಂಟಿ ಕಾಳಿನದ್ದರಿಂದ ಭಾಗಿಸಿ, ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ ಆ ತುಂಡಿನಲ್ಲಿ ಎಷ್ಟು ಕಾಳು ಅಂತ ಬರುತ್ತದೆ. ಒಂಟಿ ಕಾಳಿನದ್ದು ಅಂತ ಸರಾಸರಿ ತೆಗೆದುಕೊಳ್ಳಬಾರದು, ಗುಂಪುಗಳು ಅದನ್ನು ಮೇಲೆ ಎಳೆಯುತ್ತವೆ. ಸಾಲಿನ ನಟ್ಟನಡುವಿನ ಅಂಕಿ, ಅಂದರೆ ಮೀಡಿಯನ್, ತೆಗೆದುಕೊಳ್ಳಬೇಕು. ಆಮೇಲೆ ಅದರ ಒಂದೂವರೆ ಪಟ್ಟಿಗಿಂತ ಕೆಳಗಿನವನ್ನು ಮಾತ್ರ ಇಟ್ಟುಕೊಂಡು ಇನ್ನೊಮ್ಮೆ ಮೀಡಿಯನ್ ತೆಗೆದರೆ ಇನ್ನೂ ಸರಿ. ನನಗೆ ಬಂದದ್ದು 2,680.

ಮೀಡಿಯನ್‌ಗೂ ಮೋಸ ಆಗುವುದುಂಟು. ಮಾವ ಒಂದು ಸಲ ತಾವೇ ಹಾಕುತ್ತೇನೆ ಅಂತ ಮುಷ್ಟಿಯಿಂದ ಸುರಿದು, ಬೆರಳಲ್ಲಿ ಒಂದೆರಡು ಸಲ ಸರಿಸಿ ಫೋಟೋ ತೆಗೆದರು. ಉತ್ತರ 255, ಹತ್ತಿರ ಹತ್ತಿರ ಅರ್ಧ. ಅರ್ಧದಷ್ಟೇ ಬಂದರೆ ಕಾರಣ ಸಾಮಾನ್ಯವಾಗಿ ಒಂದೇ. ತುಂಡುಗಳಲ್ಲಿ ಒಂಟಿಗಿಂತ ಜೋಡಿಯೇ ಜಾಸ್ತಿಯಾಗಿ, ಸಾಲಿನ ನಡುವೆ ಜೋಡಿ ಬಂದು ಕೂತಿತ್ತು. ಪ್ರೋಗ್ರಾಂ ಜೋಡಿಯನ್ನೇ ಒಂದು ಕಾಳು ಅಂತ ನಂಬಿತು. "ಅದಕ್ಕೆ ಸ್ವಂತ ಬುದ್ಧಿ ಇಲ್ವಾ?" ಅಂದರು ಮಾವ. ಇಲ್ಲ ಮಾವ, ಒಂದು ಕಾಳು ಅಂದರೆ ಎಷ್ಟು ದೊಡ್ಡದು ಅಂತ ಅದು ನೀವು ಹರಡಿದ್ದರಿಂದಲೇ ಕಲಿಯಬೇಕು.

ಮೊದಲ ಸಲ ಈ ಭಾಗಾಕಾರ ಮಾಡಿದಾಗ ಬಂದದ್ದು 507. ಕಡಿಮೆ ಬಂದರೆ ಒಂದರ ಮೇಲೊಂದು ಕೂತಿರಬೇಕು ಅನ್ನಬಹುದು. ಜಾಸ್ತಿ ಹೇಗೆ ಬಂತು? ಇಲ್ಲದ ಕಾಳು ಎಲ್ಲಿಂದ? ಪ್ರತಿ ತುಂಡಿನ ಮೇಲೆ ಅದರ ಲೆಕ್ಕ ಬರೆಸಿ, ಕಾಂಟೂರನ್ನು ಬಣ್ಣದಲ್ಲಿ ಎಳೆಸಿ, ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ನೋಡುತ್ತಾ ಹೋದೆ. ಒಂದು ಕಡೆ ಮೂರು ಕಾಳು ಮೂತಿಗೆ ಮೂತಿ ಮುಟ್ಟಿಸಿ ತ್ರಿಕೋನದ ಹಾಗೆ ಬಿದ್ದಿದ್ದವು. ಅದರ ಮೇಲೆ 4 ಅಂತ ಬರೆದಿತ್ತು.

ತ್ರಿಕೋನದ ನಡುವೆ ನೀಲಿ ಶೀಟ್ ಕಾಣುತ್ತಿತ್ತು. ಕಾಂಟೂರ್ ಅಂದರೆ ಹೊರಗಿನ ಬೇಲಿ ಅಷ್ಟೇ. ವಿಸ್ತಾರಕ್ಕೆ ನಾನು ಬಳಸಿದ್ದ `contourArea` ಆ ಬೇಲಿಯೊಳಗಿನ ಎಲ್ಲ ಜಾಗವನ್ನೂ ಅಳೆಯುತ್ತದೆ, ನಡುವಿನ ಖಾಲಿ ಅಂಗಳವೂ ಸೇರಿ. ಮೂರು ಕಾಳಿನ ನಿಜವಾದ ಪಿಕ್ಸೆಲ್ 8,010, ನಡುವಿನ ಖಾಲಿ ಜಾಗ 1,900, ಒಟ್ಟು 9,910. ಅದನ್ನು 2,680ರಿಂದ ಭಾಗಿಸಿದರೆ 3.7, ಪೂರ್ಣ ಸಂಖ್ಯೆಗೆ ತಂದರೆ 4. ಇಂಥದ್ದು ಎಂಟು ಕಡೆ ಆಗಿತ್ತು. ಒಂಟಿ ಕಾಳಿಗೆ ತೂತಿಲ್ಲವಾದ್ದರಿಂದ ಅಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಹತ್ತು ಕಾಳು ಬಿಡಿಬಿಡಿಯಾಗಿ ಇಟ್ಟು ಪರೀಕ್ಷೆ ಮಾಡಿ "ಸರಿ ಇದೆ" ಅಂದುಕೊಂಡವನಿಗೆ ಇದು ಸಿಕ್ಕುವುದು ತುಂಬಾ ತಡವಾಗಿ.

ಸರಿ ಮಾಡಲು ಬೇಲಿಯೊಳಗಿನ ಜಾಗ ಬಿಟ್ಟು ಬಿಳಿ ಪಿಕ್ಸೆಲ್ಲುಗಳನ್ನೇ ಎಣಿಸಬೇಕು. ಕಾಂಟೂರಿನಲ್ಲಿಯೇ ಮಾಡಬೇಕಿದ್ದರೆ `RETR_CCOMP` ಕೊಟ್ಟು, ಒಳಗಿನ ತೂತುಗಳ ವಿಸ್ತಾರ ಕಳೆಯಬಹುದು. ಇದಕ್ಕಿಂತ ಸುಲಭ ದಾರಿ:

```python
n, lab, st, cen = cv2.connectedComponentsWithStats(bw)
area = st[1:, cv2.CC_STAT_AREA]
area = area[area > 800]
m = np.median(area)
m = np.median(area[area < 1.5 * m])
k = np.maximum(1, np.round(area / m))
print(len(area), m, int(k.sum()))
```

`st[1:]` ಯಾಕೆ ಅಂದರೆ ಸೊನ್ನೆಯನೆಯದು ಹಿನ್ನೆಲೆ, ಅಂದರೆ ಇಡೀ ನೀಲಿ ಶೀಟ್. 800 ಅನ್ನುವುದು ನನ್ನ ಫೋಟೋದ ಅಂಕಿ, ಒಂಟಿ ಕಾಳಿನ ಸುಮಾರು ಮೂರನೇ ಒಂದು ಪಾಲು. ಹನ್ನೆರಡು ಮೆಗಾಪಿಕ್ಸೆಲ್ ಫೋಟೋ ಆದ್ದರಿಂದ ಒಂದು ಕಾಳಿಗೆ ಇಷ್ಟು ಪಿಕ್ಸೆಲ್ ಸಿಕ್ಕಿತು. ಅದೇ ಫೋಟೋವನ್ನು ಮೆಸೇಜಿನಲ್ಲಿ ಕಳಿಸಿಕೊಂಡರೆ ದಾರಿಯಲ್ಲಿ ಅದು ಕುಗ್ಗುತ್ತದೆ, ಕಾಳಿಗೆ ನಾನೂರು ಚಿಲ್ಲರೆ ಪಿಕ್ಸೆಲ್ ಉಳಿಯುತ್ತದೆ, ಆಗ ಈ 800 ಎಲ್ಲ ಒಂಟಿ ಕಾಳನ್ನೂ ಕಸ ಅಂತ ಗುಡಿಸಿ ಹಾಕುತ್ತದೆ. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಕೇಬಲ್ ಹಾಕಿ.

ಈ ಸಲ ಬಂದದ್ದು 499. ತುಂಡುಗಳು 403. ಅದರಲ್ಲಿ 332ಕ್ಕೆ ಒಂದು, 53ಕ್ಕೆ ಎರಡು, 13ಕ್ಕೆ ಮೂರು, ಉಳಿದ ಐದು ತುಂಡಿನಲ್ಲಿ 22. ತಪ್ಪಿಸಿಕೊಂಡ ಒಂದು ಕಾಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಆ ಖಾಲಿ ಜಾಗದ ನಡುವೆ ಒಂದೇ ಅಂಕಿ ಇತ್ತು ಅಂದೆನಲ್ಲ, 3,830, ಅದೇ ಅದು. ಒಂಟಿ ಕಾಳಿನ 1.43 ಪಟ್ಟು. ಒಂದು ಕಾಳಿನ ಬೆನ್ನ ಮೇಲೆ ಇನ್ನೊಂದು ಅರ್ಧ ಹತ್ತಿ ಮಲಗಿತ್ತು. ಮೇಲಿನದ್ದು ಮುಚ್ಚಿದ ಭಾಗ ಕ್ಯಾಮೆರಾಗೆ ಕಾಣುವುದಿಲ್ಲ, ಎಷ್ಟು ಒಳ್ಳೆಯ ಲೆಕ್ಕ ಹಾಕಿದರೂ ಅದನ್ನು ವಾಪಸ್ ತರಲಾಗುವುದಿಲ್ಲ. ಶೀಟನ್ನು ಎರಡು ಸಲ ಮೆಲ್ಲಗೆ ಅಲುಗಾಡಿಸಬೇಕು, ಅಷ್ಟೇ ಮದ್ದು.

ಇಷ್ಟು ಹೊತ್ತಿಗೆ ಓದುತ್ತಿರುವವರಲ್ಲಿ ಯಾರಾದರೂ ಕೇಳಬಹುದು, ಮುಟ್ಟಿಕೊಂಡದ್ದನ್ನು ಬಿಡಿಸಲು ವಾಟರ್‌ಶೆಡ್ ಇದೆಯಲ್ಲ, ಅದನ್ನು ಯಾಕೆ ಬಳಸಲಿಲ್ಲ ಅಂತ. ಬಳಸಿದೆ. ಎರಡು ದಿನ ಹೋಯಿತು. ಅದರಲ್ಲಿ ಪ್ರತಿ ಬಿಳಿ ಪಿಕ್ಸೆಲ್ಲಿಗೂ ಹತ್ತಿರದ ಅಂಚು ಎಷ್ಟು ದೂರ ಅಂತ ಲೆಕ್ಕ ಹಾಕುತ್ತಾರೆ. ಅಂಚಿನಲ್ಲಿ ಸೊನ್ನೆ, ನಡುವಿಗೆ ಹೋದ ಹಾಗೆ ಏರುತ್ತದೆ. ಪ್ರತಿ ಕಾಳೂ ಒಂದು ಗುಡ್ಡದ ಹಾಗೆ ಕಾಣುತ್ತದೆ. ಒಂದು ಎತ್ತರಕ್ಕಿಂತ ಮೇಲಿರುವ ತುದಿಗಳನ್ನು ಮಾತ್ರ ಉಳಿಸಿ ಎಣಿಸಿದರೆ ಕಾಳಿನ ಲೆಕ್ಕ. ಉದಾಹರಣೆಗಳಲ್ಲಿ ಎಲ್ಲರೂ ಅತಿ ಎತ್ತರದ ಗುಡ್ಡದ ಅರ್ಧ ಅಥವಾ ಮುಕ್ಕಾಲು ಅಂತ ಇಡುತ್ತಾರೆ, ನಾನೂ ಅರ್ಧ ಇಟ್ಟೆ. ಬಂದದ್ದು 318. ಯಾಕೆಂದರೆ ಅತಿ ಎತ್ತರದ ಗುಡ್ಡ ಇದ್ದದ್ದು ನಾಲ್ಕೈದು ಕಾಳು ಒತ್ತಿಕೊಂಡ ಕಡೆ, 33 ಪಿಕ್ಸೆಲ್. ಅದರ ಅರ್ಧ ಹದಿನಾರೂವರೆ. ಅಂಗಾತ ಬಿದ್ದ ಕಾಳಿನ ಅರ್ಧ ಅಗಲ 18, ಅದು ಉಳಿಯಿತು. ಪಕ್ಕೆಗೆ ವಾಲಿ ಬಿದ್ದ ಕಾಳಿನ ಅರ್ಧ ಅಗಲ 15ರ ಹತ್ತಿರ, ಅದು ಅಳಿಸಿಯೇ ಹೋಯಿತು. ಒಂದು ಮೂಲೆಯ ಗುಂಪಿಗಾಗಿ ಇನ್ನೊಂದು ಮೂಲೆಯಲ್ಲಿ ಒಂಟಿಯಾಗಿ ಚಂದ ಕೂತಿದ್ದ ಕಾಳು ಮಾಯ!

ಹಾಗಾದರೆ ಒಟ್ಟು ಎತ್ತರ ಬೇಡ, ಅಲ್ಲಲ್ಲಿಯ ತುದಿ ಹುಡುಕೋಣ ಅಂತ ಹೋದರೆ ಲೆಕ್ಕ ಆರುನೂರು ದಾಟಿತು. ಭತ್ತ ಉದ್ದ ಕಾಳು. ಅದರ ನಡುವೆ ಇರುವುದು ಒಂದು ತುದಿ ಅಲ್ಲ, ಮನೆಯ ಮೊಗಳಿನ ಹಾಗೆ ಉದ್ದಕ್ಕೆ ಚಾಚಿದ ಏಣು. ಅಂಚಿನಲ್ಲಿ ಒಂದು ಪಿಕ್ಸೆಲ್ ಹೆಚ್ಚುಕಡಿಮೆಯಾದರೂ ಆ ಏಣಿನ ಮೇಲೆ ಎರಡು ಮೂರು ಸಣ್ಣ ದಿಬ್ಬ ಏಳುತ್ತವೆ, ಒಂದು ಕಾಳು ಎರಡಾಗುತ್ತದೆ. ಉದ್ದು, ಹೆಸರು, ಕಾಳುಮೆಣಸು ಆಗಿದ್ದರೆ ಈ ವಿಧಾನ ಚೆನ್ನಾಗಿ ನಡೆಯುತ್ತಿತ್ತು, ಉರುಟು ವಸ್ತುವಿಗೆ ಒಂದೇ ತುದಿ. ಒಂದೇ ತಳಿಯ ಭತ್ತಕ್ಕೆ, ಎಲ್ಲ ಕಾಳೂ ಹೆಚ್ಚುಕಡಿಮೆ ಒಂದೇ ಅಳತೆ ಇರುವಾಗ, ಭಾಗಾಕಾರವೇ ಸಾಕು. ನಾಣ್ಯಕ್ಕೆ ಇದು ಉಲ್ಟಾ. ಪಕ್ಕದ ಭಜನಾ ಮಂದಿರದ ಕಾಣಿಕೆ ಡಬ್ಬಿಯ ಚಿಲ್ಲರೆಗೂ ಇದೇ ಪ್ರೋಗ್ರಾಂ ಆದೀತಾ ಅಂತ ಒಬ್ಬರು ಕೇಳಿದರು. ಒಂದು, ಎರಡು, ಐದು, ಹತ್ತರ ನಾಣ್ಯ ಬೇರೆ ಬೇರೆ ಅಳತೆ, ಅಲ್ಲಿ "ಒಂಟಿಯ ವಿಸ್ತಾರ" ಅಂತಲೇ ಒಂದಿಲ್ಲ, ಭಾಗಾಕಾರ ಹಾಕಿದರೆ ಕೆಡುತ್ತದೆ. ಆದರೆ ಎಲ್ಲವೂ ಉರುಟು, ವಾಟರ್‌ಶೆಡ್ ಬಿಡಿಸಿ ಕೊಡುತ್ತದೆ. ನಾಣ್ಯದ ಹೊಳಪಿಗೆ ನಡುವೆ ತೂತು ಬೀಳುವುದುಂಟು, ರಕ್ತದ ಕೆಂಪು ಕಣಗಳ ಫೋಟೋದಲ್ಲಿಯೂ ಹಾಗೆಯೇ, ಕಣದ ನಡುಭಾಗ ತೆಳು, ಥ್ರೆಶೋಲ್ಡ್ ಆದ ಮೇಲೆ ಬಳೆಯ ಹಾಗೆ ಕಾಣುತ್ತದೆ. ಅಲ್ಲೆಲ್ಲ ಒಳಗಿನ ತೂತನ್ನು ವಸ್ತುವಿಗೇ ಸೇರಿಸಿಕೊಳ್ಳಬೇಕು. ನಾನು ಕಳೆದದ್ದನ್ನು ಅವರು ಕೂಡಬೇಕು.

499 ಬಂದಿತು ಅಂತ ಅಲ್ಲಿಗೇ ಬಿಡುವ ಹಾಗೂ ಇಲ್ಲ. ಒಂದು ಸಲ ಹತ್ತಿರ ಬಂದದ್ದು ಅದೃಷ್ಟವೂ ಇರಬಹುದು, ಇಲ್ಲಿ ಒಂದು ಕಳೆದು ಅಲ್ಲಿ ಒಂದು ಕೂಡಿ ಸರಿಯಾಗಿರಬಹುದು. ಅದೇ 500 ಕಾಳನ್ನು ಬಟ್ಟಲಿಗೆ ತುಂಬಿ, ಮತ್ತೆ ಶೀಟಿನ ಮೇಲೆ ಹರಡಿ, ಮತ್ತೆ ಫೋಟೋ, ಹೀಗೆ ಒಟ್ಟು ಐದು ಸಲ ಮಾಡಿದೆ. ಬಂದದ್ದು 499, 500, 498, 500, 501. ಆ 501ರಲ್ಲಿ ಒಂದು ಕಾಳಿಗೆ ಮುರಿದ ಹೊಟ್ಟು ಅಂಟಿಕೊಂಡು ಒಂದೂವರೆ ಪಟ್ಟು ದಾಟಿತ್ತು. ಐನೂರಕ್ಕೆ ಎರಡರಷ್ಟು ಆಚೆ ಈಚೆ. ತೂಕದ ಲೆಕ್ಕಕ್ಕೆ ಇದು ಧಾರಾಳ ಸಾಕು. ಮೊಳಕೆ ಪರೀಕ್ಷೆಗೂ ಇದನ್ನೇ ನಂಬಿ ಮೊಳಕೆ ಬಂದದ್ದು, ಬಾರದ್ದು ಅಂತ ಎಣಿಸಲು ಹೋಗಬೇಡಿ. ಬೇರು ಬಂದ ಮೇಲೆ ವಿಸ್ತಾರ ಎಲ್ಲ ಏರುಪೇರು, ಅದು ಕಣ್ಣಿನ ಕೆಲಸವೇ.

ಫೋಟೋಗೆ ಕಾಣದ ಇನ್ನೊಂದು ಇದೆ, ಜೊಳ್ಳು. ಒಳಗೆ ಅಕ್ಕಿ ಇಲ್ಲದ ಕಾಳು ಹೊರಗಿನಿಂದ ಅದೇ ಉದ್ದ, ಅದೇ ಅಗಲ, ಅದೇ ಹಳದಿ. ಪ್ರೋಗ್ರಾಂ ಅದನ್ನೂ ಮರ್ಯಾದೆಯಿಂದ ಒಂದು ಅಂತ ಎಣಿಸುತ್ತದೆ, ತಕ್ಕಡಿ ಮಾತ್ರ ಎಣಿಸುವುದಿಲ್ಲ, ಹಾಗಾಗಿ ಸಾವಿರ ಕಾಳಿನ ತೂಕ ಸುಳ್ಳು ಇಳಿಯುತ್ತದೆ. ಇದನ್ನು ಎತ್ತಿದ್ದು ಅತ್ತೆ. "ಉಪ್ಪುನೀರಿಗೆ ಹಾಕಿದ್ದಾ ಇದು?" ಅಂತ ಕೇಳಿದರು. ಹಾಕಿರಲಿಲ್ಲ. ಅವರೇ ಬಕೆಟಿನಲ್ಲಿ ಉಪ್ಪು ಕದಡಿ, ಮೊಟ್ಟೆ ತೇಲುವಷ್ಟು ಮಾಡಿ, ಭತ್ತ ಸುರಿದು, ಮೇಲೆ ತೇಲಿದ್ದನ್ನು ಬಸಿದು ತೆಗೆದರು. ಮುಳುಗಿದ್ದನ್ನು ಎರಡು ಸಲ ಒಳ್ಳೆ ನೀರಲ್ಲಿ ತೊಳೆದು ಒಣಗಿಸಿದರು. ಒದ್ದೆ ಇರುವಾಗ ಎಣಿಸಲು ನೋಡಿದೆ, ಕಾಳಿಗೆ ಕಾಳು ಅಂಟಿಕೊಂಡು ಹೆಚ್ಚಿನದ್ದೆಲ್ಲ ಗುಂಪೇ ಆಯಿತು, ತೂಕದಲ್ಲಿ ನೀರೂ ಸೇರಿತು. ಪೂರ್ತಿ ಒಣಗಬೇಕು. ಮಳೆಗಾಲದಲ್ಲಿ ಅದಕ್ಕೆ ಮೂರು ದಿನ ಹೋಯಿತು, ನಾನು ಮುಂದಿನ ಶನಿವಾರ ಮತ್ತೆ ಬಸ್ಸು ಹತ್ತಿದೆ.

ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಸಣ್ಣದನ್ನು ತೋರಿಸುವುದಿಲ್ಲ. ಐನೂರು ಕಾಳಿಗೆ ಅದು 13 ಅಂದಿತು. ಹದಿಮೂರರಲ್ಲಿ ಅರ್ಧ ಗ್ರಾಂ ತಪ್ಪಿದರೆ ಐನೂರರಲ್ಲಿ ಹತ್ತೊಂಬತ್ತು ಕಾಳು ತಪ್ಪಿದ ಹಾಗೆ, ನಾನು ಎರಡು ಕಾಳಿಗೆ ಇಷ್ಟು ಒದ್ದಾಡಿದ್ದು ಯಾಕೆ ಮತ್ತೆ? ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಒಂದನ್ನು ಮಂಗಳೂರಿನಿಂದ ತಂದಿದ್ದೆ. ಎಂಒ 4 ಐನೂರು ಕಾಳಿಗೆ 12.84 ಗ್ರಾಂ, ಅಂದರೆ ಸಾವಿರಕ್ಕೆ 25.7. ಸಪೂರ ಭತ್ತ ಐನೂರಕ್ಕೆ 8.9, ಸಾವಿರಕ್ಕೆ 17.8. ಮಾವ ಟ್ರೇಗೆ ಹಾಕುತ್ತಿದ್ದ 100 ಗ್ರಾಂನಲ್ಲಿ ಎಂಒ 4 ಆದರೆ ಸುಮಾರು 3,900 ಕಾಳು. ಸಪೂರದ್ದಾದರೆ 5,600. ಒಂದೇ ಟ್ರೇಯಲ್ಲಿ ಸಾವಿರದ ಏಳುನೂರು ಗಿಡ ಜಾಸ್ತಿ ಎಬ್ಬಿಸಿದ್ದರು ಅವರು.

ಸಪೂರದ್ದರಲ್ಲಿ 3,900 ಕಾಳಿಗೆ ಎಷ್ಟು ಗ್ರಾಂ ಅಂತ ಮಾವ ಕಾಗದದ ಮೇಲೆ ತಾವೇ ಒಮ್ಮೆ ಲೆಕ್ಕ ಹಾಕಿ ನೋಡಿದರು. 69 ಬಂತು. "ಎಪ್ಪತ್ತು ಹಾಕುವ," ಅಂದರು. ಅತ್ತೆ ಒಳಗಿನಿಂದ ಮಾರ್ಕರ್ ಪೆನ್ನು ತಂದು, ಸಪೂರ ಭತ್ತದ ಡ್ರಮ್ಮಿನ ಮೇಲೆ ದೊಡ್ಡದಾಗಿ 70 ಅಂತ ಬರೆದರು. ಉಳಿದ ಎರಡು ಡ್ರಮ್ಮು ತೋರಿಸಿ ನನ್ನ ಮುಖ ನೋಡಿದರು. ನೀಲಿ ಶೀಟ್ ಅಷ್ಟರಲ್ಲಿ ಮೊಮ್ಮಗಳ ಶಾಲೆ ಪ್ರಾಜೆಕ್ಟಿಗೆ ಹೋಗಿ ಆಗಿತ್ತು.